ಅರಿಶಿನ ಕುಂಕುಮದ ಕೆಳಗಿದ್ದ ಮೂರು ಅಕ್ಷರ

ಅರಸೀಕೆರೆಯ ರೈಲು ನಿಲ್ದಾಣದ ಎದುರು ಸಾಲಿನಲ್ಲಿ ನನ್ನದೊಂದು ಅಂಗಡಿ ಇದೆ. ಟಿಕೆಟ್ ಬುಕಿಂಗ್, ಜೆರಾಕ್ಸ್, ಪಾಸ್‌ಪೋರ್ಟ್ ಅರ್ಜಿ ತುಂಬುವುದು, ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡುವುದು, ಎಲ್ಲವೂ ಅಲ್ಲೇ. ಇದಕ್ಕೆ ಮೊದಲು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹನ್ನೊಂದು ವರ್ಷ ಒಂದು ಕಂಪನಿಯ ಕೌಂಟರಿನಲ್ಲಿ ನಿಂತಿದ್ದೆ. ಪ್ರಯಾಣಿಕರ ಪಾಸ್‌ಪೋರ್ಟು, ವೀಸಾ ಸರಿಯಿದೆಯೇ ಎಂದು ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಮಂಡಿ ನೋವು ಬಂದು ಕೆಲಸ ಬಿಟ್ಟೆ. ವಿದ್ಯೆ ಮಾತ್ರ ಬಿಟ್ಟುಹೋಗಲಿಲ್ಲ. ಹಾಗಾಗಿ ಹಾಸನ ಜಿಲ್ಲೆಯ ಈ ಮೂಲೆಯಿಂದ ಯಾರೇ ಹೊರದೇಶಕ್ಕೆ ಹೊರಟರೂ, "ಸ್ಟೇಷನ್ ಹತ್ರದ ಮೇಡಂಗೆ ಒಂದ್ಸಲ ವೀಸಾ ತೋರಿಸ್ಕೊಂಡು ಹೋಗು" ಎನ್ನುವುದು ರೂಢಿಯಾಯಿತು. ನನಗೂ ಅದರಲ್ಲಿ ಸ್ವಲ್ಪ ಜಂಬ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಆ ಜಂಬಕ್ಕೆ ಒಂದು ಸಲ ಸರಿಯಾದ ಮಂಗಳಾರತಿಯೂ ಆಗಿತ್ತು. ಗಲ್ಫಿಗೆ ಹೊರಟಿದ್ದ ಡ್ರೈವರ್ ಒಬ್ಬನ ವೀಸಾ ನೋಡಿ, ಇದು ಅನುಮಾನ, ಹೋಗಬೇಡ ಎಂದೆ. ಅವನು ನನ್ನ ಮಾತು ನಂಬಿ ವಿಮಾನ ತಪ್ಪಿಸಿಕೊಂಡ. ಆಮೇಲೆ ನೋಡಿದರೆ ವೀಸಾ ಅಪ್ಪಟ. ಆ ದೇಶದವರು ಸ್ಟಿಕ್ಕರ್ ನಿಲ್ಲಿಸಿ ಬರೀ ಕಾಗದದಲ್ಲಿ ಕೊಡಲು ಶುರು ಮಾಡಿದ್ದು ನನಗೆ ಗೊತ್ತಿರಲಿಲ್ಲ. ಅವನ ತಾಯಿ ಅಂಗಡಿಯ ಮುಂದೆ ನಿಂತು, ನಾಲ್ಕು ಜನ ಸೇರುವಂತೆ, ನನ್ನ ಬಾಗಿಲಿಗೆ ಮಣ್ಣು ತೂರಿ ಹೋದಳು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಅವತ್ತು ಅರ್ಥವಾಯಿತು. ಅಂದಿನಿಂದ ನನ್ನ ನಾಲಿಗೆ ಮೆತ್ತಗಾಯಿತು. ಅನುಮಾನ ಬಂದರೂ ಅರ್ಧ ನುಂಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಈ ಹೆದರಿಕೆಯೇ ಕಾರಣ.

ಒಂದು ಶನಿವಾರ ಮಧ್ಯಾಹ್ನ ಮಾದಿಹಳ್ಳಿಯಿಂದ ಮೂವರು ಬಂದರು. ತಾಯಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹಳೇಬೀಡಿನ ಶಾಲೆಯಲ್ಲಿ ಟೀಚರ್. ಅವಳ ಪಾಸ್‌ಪೋರ್ಟ್ ಅರ್ಜಿ ನಾನೇ ತುಂಬಿದ್ದರಿಂದ ಪರಿಚಯ. ಚಿಕ್ಕವಳು ನರ್ಸಿಂಗ್ ಸಹಾಯಕಿಯ ಕೋರ್ಸ್ ಮುಗಿಸಿ ಬೇಲೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದಳು. ಈಗ ಜರ್ಮನಿಗೆ ಹೊರಟಿದ್ದಳು. ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ, ಬುಧವಾರ ವಿಮಾನ. ಚುರುಕಾದ ಹುಡುಗಿ. ಮೊಬೈಲಿನಲ್ಲಿ ನೋಡಿ ಜರ್ಮನ್ ಭಾಷೆಯ ಹತ್ತು ಹದಿನೈದು ಮಾತು ಕಲಿತಿದ್ದಳು. ನಮಸ್ಕಾರ ಹೇಗೆ ಹೇಳುತ್ತಾರೆ ಎಂದು ನನಗೇ ಹೇಳಿಕೊಟ್ಟಳು.

ತಾಯಿ ಸೆರಗಿನಡಿಯಿಂದ ಪಾಸ್‌ಪೋರ್ಟ್ ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಪುಟ ತೆರೆದೆ. ವೀಸಾ ಸ್ಟಿಕ್ಕರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅದರ ಮೇಲೆ ಒದ್ದೆ ಕುಂಕುಮ ಇಟ್ಟಿದ್ದರು. ಮದುವೆ ಕಾಗದಕ್ಕೆ ಹಚ್ಚುತ್ತೇವಲ್ಲ, ಹಾಗೆ. ಒಣಗಿ ಕಪ್ಪುಗೆಂಪಾಗಿತ್ತು. "ನಾವು ಬುದ್ಧನ್ನ ನಂಬೋರು ಮೇಡಂ, ಅವ್ವಂಗೆ ಮಾತ್ರ ಅರಿಶಿನ ಕುಂಕುಮ ಬಿಡಕ್ಕಾಗಲ್ಲ" ಎಂದು ಟೀಚರ್ ನಕ್ಕಳು.

ಈಗ ವೀಸಾ ಓದುವ ವಿಷಯ ಸ್ವಲ್ಪ ಹೇಳಬೇಕು. ಯೂರೋಪಿನ ಬಹಳಷ್ಟು ದೇಶಗಳು ಒಟ್ಟು ಸೇರಿ ಶೆಂಗೆನ್ ಎಂಬ ಒಂದೇ ನಮೂನೆಯ ವೀಸಾ ಕೊಡುತ್ತವೆ. ಯಾವ ದೇಶ ಕೊಟ್ಟರೂ ಸ್ಟಿಕ್ಕರಿನ ಅಳತೆ, ಬಣ್ಣ, ಫೋಟೊ ಇರುವ ಜಾಗ ಎಲ್ಲಾ ಒಂದೇ. ಒಂದೇ ಅಚ್ಚಿನಲ್ಲಿ ಹೊಯ್ದ ಬೆಲ್ಲ. ಹಾಗಾಗಿ ದೂರದಿಂದ ನೋಡಿದರೆ ಇದು ಶೆಂಗೆನ್ ಎಂದು ಗೊತ್ತಾಗುತ್ತದೆ, ಯಾವ ಆಲೆಮನೆಯದು ಎಂದು ಗೊತ್ತಾಗುವುದಿಲ್ಲ. ಕೊಟ್ಟ ದೇಶವನ್ನು ಎರಡು ಕಡೆ ನೋಡಬೇಕು. ಮೇಲೆ ಬಲಗಡೆ ಸ್ಟಿಕ್ಕರಿನ ನಂಬರಿನ ಪಕ್ಕದಲ್ಲಿ ದೇಶದ ಗುರುತಿನ ಅಕ್ಷರಗಳಿರುತ್ತವೆ. ಇನ್ನೊಂದು ಕೆಳಗಡೆ, ಯಂತ್ರ ಓದಲೆಂದು ಅಚ್ಚು ಹಾಕಿದ ಎರಡು ಸಾಲಿನಲ್ಲಿ. ಒಂದೊಂದು ಸಾಲಿನಲ್ಲೂ ಮೂವತ್ತಾರು ಗುರುತು, ಅಕ್ಷರ ಇಲ್ಲದ ಕಡೆ ಬಾಣದ ಮೊನೆಯಂಥ ಗೀಟು. ಮೇಲಿನ ಸಾಲಿನ ಮೊದಲ ಅಕ್ಷರ V, ವೀಸಾ ಎಂದು. ಎರಡನೆಯದು ವೀಸಾದ ಬಗೆ. ಮೂರು, ನಾಲ್ಕು, ಐದನೆಯ ಜಾಗ ವೀಸಾ ಕೊಟ್ಟ ದೇಶದ್ದು. ಜರ್ಮನಿಯಾದರೆ D ಒಂದೇ ಅಕ್ಷರ, ಅದರ ಹಿಂದೆ ಎರಡು ಬಾಣದ ಮೊನೆ. ಉಳಿದ ದೇಶಗಳಿಗೆ ಮೂರು ಮೂರು ಅಕ್ಷರ. ಅದಾದ ಮೇಲೆ ಹೆಸರು.

ಅಂದರೆ ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ. ಆ ತಾಯಿ ಒಳ್ಳೆಯದಾಗಲಿ ಎಂದು ಬೆರಳೊತ್ತಿದ್ದು ಸರಿಯಾಗಿ ಆ ಎರಡು ಕಡೆ.

ಒರೆಸಲು ಬಟ್ಟೆ ತೆಗೆದುಕೊಂಡೆ. "ಬ್ಯಾಡ ಕಣವ್ವ, ದೇವರ ಮುಂದೆ ಇಟ್ಟಿದ್ದು. ಹೊರಡೋ ಮುಂಚೆ ಒರೆಸಬಾರ್ದು" ಎಂದರು ತಾಯಿ. ಬಟ್ಟೆ ಕೆಳಗಿಟ್ಟೆ. ಉಳಿದದ್ದನ್ನು ಓದಿದೆ. ಕೊಟ್ಟ ಊರು ನವದೆಹಲಿ. ಅದರಿಂದ ಏನೂ ತಿಳಿಯುವುದಿಲ್ಲ, ಎಲ್ಲ ದೇಶಗಳ ಕಚೇರಿಯೂ ಅಲ್ಲಿವೆ. ಎಲ್ಲಿಗೆ ಸಲ್ಲುತ್ತದೆ ಎನ್ನುವ ಜಾಗದಲ್ಲಿ ಶೆಂಗೆನ್ ಎನ್ನುವ ಪದ, ಅದರ ಮುಂದೆ ಯಾವುದೋ ಪರಭಾಷೆಯ ಪದ. ಜರ್ಮನ್ ಇರಬೇಕು ಎಂದು ಮುಂದೆ ಹೋದೆ. ಬಗೆ, C. ಎಷ್ಟು ಸಲ ಒಳಗೆ ಹೋಗಬಹುದು, ಒಂದು. ಎಷ್ಟು ದಿನ ಇರಬಹುದು, ಹದಿನೈದು.

ಅಲ್ಲಿ ನಿಂತೆ. C ಎಂದರೆ ಸ್ವಲ್ಪ ದಿನ ಇದ್ದು ಬರುವವರ ವೀಸಾ. ವರ್ಷಗಟ್ಟಲೆ ಕೆಲಸಕ್ಕೆ ಹೋಗುವವರಿಗೆ D ಕೊಡುತ್ತಾರೆ. ಹದಿನೈದು ದಿನಕ್ಕೆ ಯಾರು ತಾನೇ ಕೆಲಸಕ್ಕೆ ಕರೆಸುತ್ತಾರೆ?

"ಟಿಕೆಟ್ ಎಲ್ಲಮ್ಮ?" ಎಂದೆ.

"ಏಜೆಂಟ್ ಏರ್‌ಪೋರ್ಟಲ್ಲೇ ಕೊಡ್ತಾರಂತೆ ಆಂಟಿ" ಎಂದಳು ಚಿಕ್ಕವಳು.

"ವೀಸಾಕ್ಕೆ ಬೆರಳಚ್ಚು ಕೊಡಕ್ಕೆ ಬೆಂಗಳೂರಿಗೆ ಹೋಗಿದ್ಯಲ್ಲ, ಅಲ್ಲಿ ಯಾವ ದೇಶ ಅಂತ ಬೋರ್ಡ್ ನೋಡ್ಲಿಲ್ವಾ?"

"ಒಂದೇ ಹಾಲಲ್ಲಿ ತುಂಬಾ ದೇಶದ ಕೌಂಟರ್ ಇದ್ವು. ಅವರೇ ಕರ್ಕೊಂಡೋಗಿ ನಿಲ್ಸಿದ್ರು. ಎಲ್ಲಾ ಶೆಂಗೆನ್ನೇ, ಯಾವುದಾದ್ರೂ ಒಂದೇ ಅಂದ್ರು."

ಏಜೆಂಟಿಗೆ ಫೋನ್ ಮಾಡಿಸಿದೆ. ಬೆಂಗಳೂರಿನವನು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. "ಮೇಡಂ, ಒಳಗೆ ಹೋಗೋಕೆ ಮಾತ್ರ C. ಅಲ್ಲಿ ಇಳಿದ ವಾರದೊಳಗೆ ಅಲ್ಲೇ ಇರೋಕೆ ಪರ್ಮಿಟ್ ಕಾರ್ಡ್ ಮಾಡಿಸಿಕೊಡ್ತಾರೆ. ನಲವತ್ತು ಹುಡುಗೀರು ಹೀಗೇ ಹೋಗಿದಾರೆ. ನೀವು ಸುಮ್ನೆ ಹೆದರಿಸ್ಬೇಡಿ, ಪಾಪ" ಎಂದ. ಆ 'ಹೆದರಿಸಬೇಡಿ' ಎನ್ನುವುದು ನನ್ನ ಎದೆಗೆ ಸರಿಯಾಗಿ ನಾಟಿತು. ಬಾಗಿಲಲ್ಲಿ ತೂರಿದ ಮಣ್ಣು ಕಣ್ಣಮುಂದೆ ಬಂತು. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಹುಡುಗಿ ಬೇಲೂರಿನ ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟಿದ್ದಳು.

"ಸ್ಟಿಕ್ಕರ್ ಅಸಲಿ. ಹೋದ ತಕ್ಷಣ ಆ ಕಾರ್ಡ್ ಮಾಡಿಸ್ಕೋ" ಎಂದೆ.

"ಅಂದ್ರೆ ಸರಿ ಐತಾ?" ಎಂದರು ತಾಯಿ.

"ಸರಿ ಇದೆ" ಎಂದೆ.

ಸುಳ್ಳಲ್ಲ, ಸ್ಟಿಕ್ಕರ್ ಅಸಲಿಯೇ. ಆದರೆ ಅವರು ಕೇಳಿದ್ದು ಅದನ್ನಲ್ಲ. ಅಷ್ಟು ನನಗೆ ಆಗಲೂ ಗೊತ್ತಿತ್ತು.

ಅವರು ಹೋದರು. ಬುಧವಾರ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೇನೋ ಎಂದು ಒಳಗೊಳಗೇ ಬಯಸಿದೆ. ತಡೆಯಲಿಲ್ಲ. ತಡೆಯಲು ಕಾರಣವೂ ಇರಲಿಲ್ಲ. ಅಲ್ಲಿನ ಯಂತ್ರ ಆ ಎರಡು ಸಾಲನ್ನು ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ಓದುತ್ತದೆ. ಅದಕ್ಕೆ ಅಚ್ಚಿನ ಕಪ್ಪು ಶಾಯಿ ಕಾಣುತ್ತದೆ, ಅರಿಶಿನ ಕುಂಕುಮ ಕಾಣುವುದೇ ಇಲ್ಲ. ಅದು ಓದಿದ ದೇಶಕ್ಕೂ ಏಜೆಂಟ್ ಕೊಟ್ಟ ಟಿಕೆಟಿಗೂ ತಾಳೆಯಾಗಿರಬೇಕು. ಯಾವ ದೇಶ ಎನ್ನುವುದು ಗೊತ್ತಿಲ್ಲದೆ ಇದ್ದದ್ದು ನಮಗೆ ಮಾತ್ರ.

ನಾಲ್ಕು ವಾರ ಕಳೆಯಿತು. ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಟೀಚರ್ ಮೆಟ್ಟಿಲ ಮೇಲೆ ಕೂತಿದ್ದಳು. ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೇ ಬಂದಿದ್ದಳು. ತಲೆ ಬಾಚಿರಲಿಲ್ಲ.

ತಂಗಿ ಇಳಿದ ದಿನ 'ಬಂದು ಸೇರಿದೆ, ತುಂಬಾ ಚಳಿ' ಎಂದು ಮೆಸೇಜ್ ಮಾಡಿದ್ದಳು. ಮಾರನೆಯ ದಿನ, 'ಕಾರ್ಡ್ ಮಾಡಿಸಕ್ಕೆ ಪಾಸ್‌ಪೋರ್ಟ್ ಇಸ್ಕೊಂಡಿದಾರೆ' ಎಂದು ಇನ್ನೊಂದು. ಅಷ್ಟೇ. ಆಮೇಲೆ ಅವಳ ಫೋನ್ ಆಫ್. ಏಜೆಂಟ್ ಒಂದು ವಾರ, 'ಅಲ್ಲಿ ನೆಟ್‌ವರ್ಕ್ ಇಲ್ಲ' ಎಂದ. ಆಮೇಲೆ ಅವನ ಫೋನೂ ಆಫ್. ಟೀಚರ್ ಜರ್ಮನಿಯಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಗೆ ಪತ್ರ ಬರೆದಿದ್ದಳು. ಆ ಹೆಸರಿನವರ ಮಾಹಿತಿ ನಮ್ಮಲ್ಲಿ ಸಿಗುತ್ತಿಲ್ಲ, ವೀಸಾ ಕೊಟ್ಟ ದೇಶ ಯಾವುದು ಎಂದು ಖಚಿತಪಡಿಸಿಕೊಂಡು ಪ್ರತಿ ಕಳಿಸಿ ಎಂದು ಉತ್ತರ ಬಂದಿತ್ತು. ಪೊಲೀಸ್ ಸ್ಟೇಷನ್ನಿಗೂ ಹೋಗಿದ್ದಳು. ಅಲ್ಲೊಬ್ಬರು ಮುಖ್ಯಪೇದೆ ಅವಳ ಮೊಬೈಲಿನಲ್ಲಿದ್ದ ವೀಸಾದ ಫೋಟೊ ನೋಡಿ, ಕೆಳಗಿನ ಸಾಲಿನಲ್ಲಿ IND ಎಂದಿರುವುದನ್ನು ಬೆರಳಿಟ್ಟು ತೋರಿಸಿ, "ಇದು ನಮ್ಮ ಇಂಡಿಯಾದೋರೇ ಕೊಟ್ಟಿರೋದಲ್ಲಮ್ಮ" ಎಂದರಂತೆ. ಪಾಪ, ಅವರ ತಪ್ಪಲ್ಲ. ಎರಡನೆಯ ಸಾಲಿನ ಆ ಮೂರು ಅಕ್ಷರ ಪಾಸ್‌ಪೋರ್ಟಿನವಳು ಯಾವ ದೇಶದವಳು ಎಂದು ಹೇಳುತ್ತದೆ. ವೀಸಾ ಕೊಟ್ಟವರು ಯಾರು ಎಂದು ಹೇಳುವುದಿಲ್ಲ.

"ನೀವೇ ನೋಡಿದ್ರಲ್ಲ ಮೇಡಂ. ಜರ್ಮನಿದೇ ಅಲ್ವಾ?" ಎಂದಳು ಟೀಚರ್.

ನೋಡಿದ್ದೆ, ಓದಿರಲಿಲ್ಲ.

ಪಾಸ್‌ಪೋರ್ಟ್ ತಂಗಿಯ ಜೊತೆಗೇ ಹೋಗಿತ್ತು. ಉಳಿದಿದ್ದು ಪೂಜೆಯ ದಿನ ಟೀಚರ್ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಮಾತ್ರ. ಸ್ಟೇಟಸ್ಸಿಗೆ ಹಾಕಲೆಂದು ತೆಗೆದದ್ದು. ಅದರಲ್ಲೂ ನಾಲ್ಕು ಮೂಲೆಯಲ್ಲಿ ಅದೇ ಕಪ್ಪುಗೆಂಪು ಬೊಟ್ಟು.

ಮೊದಲು ನಡುವೆ ಇದ್ದದ್ದನ್ನು ಹಿಡಿದೆ. ಎಲ್ಲಿಗೆ ಸಲ್ಲುತ್ತದೆ ಎನ್ನುವ ಜಾಗವನ್ನು ಆಯಾ ದೇಶದವರು ತಮ್ಮ ಭಾಷೆಯಲ್ಲಿ ಬರೆಯುವುದುಂಟು. ಹಾಸನದ ಕಾರ್ಖಾನೆಯೊಂದರಿಂದ ಜರ್ಮನಿಗೆ ತರಬೇತಿಗೆ ಹೋಗಿ ಬಂದಿದ್ದ ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿ, ಅವರ ವೀಸಾದ ಆ ಭಾಗ ಮಾತ್ರ ಫೋಟೊ ತೆಗೆದು ಕಳಿಸಲು ಹೇಳಿದೆ. ಐದು ನಿಮಿಷದಲ್ಲಿ ಬಂತು. ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಅವರದರಲ್ಲಿ SCHENGENER STAATEN. ಹುಡುಗಿಯದರಲ್ಲಿ SCHENGENI ÁLLAMOK.

ಟೀಚರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಹುಡುಗಿಯದರಲ್ಲಿದ್ದದ್ದು ಜರ್ಮನ್ ಪದವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಆ ಶನಿವಾರ ಇದೇ ಪದದ ಮೇಲೆ ಕಣ್ಣಾಡಿಸಿ, ಜರ್ಮನ್ ಇರಬೇಕು ಎಂದು ಮುಂದೆ ಹೋಗಿದ್ದೆ.

ಒಂದು ಪದ ನಂಬಿ ಇನ್ನೊಂದು ಕಚೇರಿಗೆ ಬರೆದು ಮತ್ತೆ ತಪ್ಪಾದರೆ? ಆಗಲೇ ವೀಸಾದ ಹದಿನೈದು ದಿನ ಮುಗಿದು ಎರಡು ವಾರವಾಗಿತ್ತು. ಮೂಲೆಯ ಅಕ್ಷರಗಳೇ ಬೇಕಿತ್ತು. ಫೋಟೊ ದೊಡ್ಡದು ಮಾಡಿದೆ, ಬೆಳಕು ಹೆಚ್ಚು ಮಾಡಿದೆ, ಬೊಟ್ಟು ಬೊಟ್ಟಾಗಿಯೇ ಉಳಿಯಿತು. ಆಗ ಕೌಂಟರಿನಲ್ಲಿ ನಮಗೆ ಪಾಠ ಹೇಳಿದ್ದ ಹಿರಿಯರೊಬ್ಬರ ಮಾತು ಜ್ಞಾಪಕಕ್ಕೆ ಬಂತು. ಕೆಂಪು ಕಲೆ ಬಿದ್ದ ಕಾಗದವನ್ನು ಕೆಂಪು ಗಾಜಿನಲ್ಲಿ ನೋಡು ಎನ್ನುತ್ತಿದ್ದರು. ಕೆಂಪಿನಲ್ಲಿ ನೋಡಿದರೆ ಬಿಳಿಯೂ ಕೆಂಪು, ಹಳದಿಯೂ ಕೆಂಪು, ಕುಂಕುಮವೂ ಕೆಂಪು. ಕಪ್ಪು ಮಾತ್ರ ಕಪ್ಪು. ಪಕ್ಕದ ಹೂವಿನ ಅಂಗಡಿಯಲ್ಲಿ ಬೊಕೆ ಸುತ್ತುವ ಕೆಂಪು ಪ್ಲಾಸ್ಟಿಕ್ ಕಾಗದ, ಆಚೆಬದಿ ಕಾಣುವಂಥದ್ದು, ಇಸಕೊಂಡು ಬಂದೆ. ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಒತ್ತಿ ಹಿಡಿದೆ.

ಬೊಟ್ಟು ತೆಳುವಾಯಿತು. ಅದರೊಳಗಿನಿಂದ ಮೊದಲು ಒಂದು V, ಅದರ ಪಕ್ಕ C. ಆಮೇಲಿನದರಲ್ಲಿ ಎರಡು ನಿಲುವು ಗೀಟು, ನಡುವೆ ಅಡ್ಡಗೀಟು. ಅಲ್ಲಿಗೇ ಜರ್ಮನಿ ಅಲ್ಲ ಎನ್ನುವುದು ತೀರ್ಮಾನವಾಯಿತು. ಅದರ ಮುಂದಿನದು U. ಕೊನೆಯದು ಅರ್ಧ ಮಾತ್ರ ಕಂಡಿತು, N ಇರಬೇಕು. ಮೇಲಿನ ಬಲಮೂಲೆಗೆ ಕಾಗದ ಸರಿಸಿದೆ. ಅಲ್ಲಿ ನಂಬರಿನ ಪಕ್ಕದಲ್ಲಿ UN ಸ್ಪಷ್ಟ. ಎರಡನ್ನೂ ಸೇರಿಸಿದರೆ HUN.

"ಹಂಗೇರಿ" ಎಂದೆ.

"ಅದು ಜರ್ಮನಿಲಿ ಬರೋ ಊರಾ ಮೇಡಂ?" ಎಂದಳು ಟೀಚರ್. ಸಮಾಜ ಪಾಠ ಹೇಳುವವಳು. ಆ ಹೊತ್ತಿನಲ್ಲಿ ಅವಳ ತಲೆ ಅವಳಲ್ಲಿರಲಿಲ್ಲ. ಭೂಪಟ ತೆಗೆದು ತೋರಿಸಿದೆ. ಜರ್ಮನಿಗೆ ಅಂಟಿಕೊಂಡೂ ಇಲ್ಲ, ನಡುವೆ ಇನ್ನೊಂದು ದೇಶವಿದೆ. ಅವಳು ಎರಡು ದೇಶಕ್ಕೂ ಬೆರಳಿಟ್ಟು ನೋಡಿ, "ನಾವು ಇಷ್ಟು ದಿನ ಬ್ಯಾರೆ ದೇಶದಲ್ಲಿ ಹುಡುಕ್ತಾ ಇದ್ವಾ?" ಎಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ದಿನವೇ ಹಂಗೇರಿಯಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಬರೆದೆವು. ಪೊಲೀಸರಿಗೂ ಹೊಸ ಅರ್ಜಿ ಕೊಟ್ಟೆವು. ಆ ಸ್ಟಿಕ್ಕರ್ ಕೊಟ್ಟ ಕಚೇರಿಯದೂ ಏನೂ ತಪ್ಪಿಲ್ಲ. ಪ್ರವಾಸಕ್ಕೆ ಎಂದು ಅರ್ಜಿ ಹೋಗಿತ್ತು, ಪ್ರವಾಸಕ್ಕೆ ಎಂದು ಕೊಟ್ಟಿದ್ದರು. ಎರಡನೆಯ ದಿನಕ್ಕೆ ಉತ್ತರ ಬಂತು. ಅವಳು ಆ ದೇಶದ ರಾಜಧಾನಿಯಲ್ಲಿ ಇಳಿದಿರುವುದು ದಾಖಲಾಗಿದೆ, ಹೊರಗೆ ಹೋದದ್ದು ದಾಖಲಾಗಿಲ್ಲ. ಆದರೆ ಈ ದೇಶಗಳ ನಡುವೆ ಗಡಿಯಲ್ಲಿ ತಪಾಸಣೆ ಇಲ್ಲದ ಕಡೆ ರಸ್ತೆಯ ಮೇಲೆ ದಾಟಿದ್ದರೆ ತಿಳಿಯುವುದಿಲ್ಲ, ವಿಳಾಸದ ಸುಳಿವೇನಾದರೂ ಸಿಕ್ಕರೆ ಕೂಡಲೇ ತಿಳಿಸಿ ಎಂದಿದ್ದರು.

ಅದರ ಮಾರನೆಯ ದಿನ, ಹನ್ನೊಂದು ಗಂಟೆ ಇರಬೇಕು, ಟೀಚರ್ ಶಾಲೆಯಿಂದ ಫೋನ್ ಮಾಡಿದಳು. "ಮೇಡಂ, ಲೈನಲ್ಲಿ ತಂಗಿ ಇದಾಳೆ. ಸೇರಿಸ್ತೀನಿ ಇರಿ, ನೀವೇ ಮಾತಾಡಿ."

ಹುಡುಗಿ ಪಿಸುಗುಟ್ಟುತ್ತಿದ್ದಳು. ಯಾರೋ ಬಚ್ಚಿಟ್ಟುಕೊಂಡಿದ್ದ ಫೋನ್ ಅಂತೆ. ಟಿಕೆಟಿನಲ್ಲಿರುವ ಊರಿನಿಂದ ಜರ್ಮನಿಗೆ ರಸ್ತೆಯಲ್ಲಿ ಹೋಗುವುದು ಎಂದು ಏಜೆಂಟ್ ನಂಬಿಸಿದ್ದನಂತೆ. ವಿಮಾನ ಇಳಿದ ಮೇಲೆ ವ್ಯಾನಿನಲ್ಲಿ ನಾಲ್ಕು ಗಂಟೆ ಕರೆದುಕೊಂಡು ಹೋಗಿ, ಇದೇ ಜರ್ಮನಿ ಎಂದು ಒಂದು ದೊಡ್ಡ ಮನೆಯಲ್ಲಿ ಇಳಿಸಿದ್ದರು. ಕೆಳಗೆ ಹೋಟೆಲುಗಳ ಬಟ್ಟೆ ಒಗೆಯುವ ಯಂತ್ರಗಳು, ಮೇಲೆ ಒಂದೇ ಕೋಣೆಯಲ್ಲಿ ಎಂಟು ಹೆಂಗಸರು. ಹೊರಗಿನಿಂದ ಚಿಲಕ. ನಿಮ್ಮ ವೀಸಾ ಮುಗಿದಿದೆ, ಹೊರಗೆ ಕಾಲಿಟ್ಟರೆ ಪೊಲೀಸರು ಜೈಲಿಗೆ ಹಾಕುತ್ತಾರೆ ಎಂದು ಹೆದರಿಸಿದ್ದರು.

"ನಾಳಿದ್ದು ಬ್ಯಾರೆ ಕಡೆ ಸಾಗಿಸ್ತಾರಂತೆ ಆಂಟಿ" ಎಂದಳು.

ನಾಲ್ಕು ಗಂಟೆಯ ವ್ಯಾನ್ ಪ್ರಯಾಣದಲ್ಲಿ ಗಡಿ ದಾಟಿರಲೂಬಹುದು, ದಾಟದೆ ಸುತ್ತಿಸಿರಲೂಬಹುದು. ದಾಟಿದ್ದರೆ ನಮ್ಮ ಪತ್ರ ಮತ್ತೆ ತಪ್ಪು ದೇಶಕ್ಕೆ ಹೋಗಿತ್ತು.

"ಅಲ್ಲಿ ಹಾಲಿನ ಪ್ಯಾಕೆಟ್ ಐತೇನಮ್ಮ? ಅದರ ಮೇಲೆ ದೊಡ್ಡಕ್ಷರದಲ್ಲಿ ಏನಿದೆ, ಒಂದೊಂದೇ ಅಕ್ಷರ ಹೇಳು."

ಹೋಗಿ ನೋಡಿ ಬಂದು, "ಟಿ, ಇ, ಜೆ" ಎಂದಳು.

ಬರೆದುಕೊಂಡೆ. ಜರ್ಮನ್ ಭಾಷೆಯಲ್ಲಿ ಹಾಲಿಗೆ ಏನೆನ್ನುತ್ತಾರೆ ಎಂದು ಕೇಳಿದೆ. ಅವಳಿಗೆ ಗೊತ್ತಿತ್ತು. "ಮಿಲ್ಶ್. ಇದು ಯಾಕೆ ಬ್ಯಾರೆ ಐತೆ ಅಂತ ನಂಗೂ ಅನ್ನಿಸಿತ್ತು" ಎಂದಳು. ನಾನು ಕಂಪ್ಯೂಟರಿನಲ್ಲಿ ಆ ಮೂರು ಅಕ್ಷರ ಒತ್ತಿ ನೋಡಿದೆ. ಹಂಗೇರಿಯ ಭಾಷೆಯಲ್ಲಿ ಹಾಲು.

"ಬಟ್ಟೆ ಮೂಟೆ ಮೇಲೆ ವಿಳಾಸದ ಚೀಟಿ ಇರುತ್ತಲ್ಲ, ಅದರಲ್ಲಿ ಊರಿನ ಹೆಸರು, ನಂಬರ್ ಹೇಳು."

ಅವಳು ಓದಿದಳು. ಊರಿನ ಹೆಸರಿನ ಅಕ್ಷರಗಳು, ಅದರ ಮುಂದೆ ನಾಲ್ಕು ಅಂಕಿಯ ಪಿನ್ ಕೋಡು. ಜರ್ಮನಿಯದಾದರೆ ಐದು ಅಂಕಿ ಇರಬೇಕಿತ್ತು. ಭೂಪಟದಲ್ಲಿ ಆ ಊರೂ ಹಂಗೇರಿಯಲ್ಲೇ ಸಿಕ್ಕಿತು.

"ಕೇಳಿಲ್ಲಿ. ನೀನಿರೋದು ಜರ್ಮನಿ ಅಲ್ಲ ಕಣಮ್ಮ. ನೀನು ಇಳಿದ ದೇಶದಲ್ಲೇ ಇದೀಯ."

"ಹಂಗಾದ್ರೆ ನಾನು ಎಲ್ಲಿದೀನಿ ಆಂಟಿ?" ಎಂದಳು.

ನಾನು ದೇಶದ ಹೆಸರು ಹೇಳಿದೆ. ಅವಳು ಅದನ್ನು ತಾನೂ ಒಮ್ಮೆ ಹೇಳಿ ನೋಡಿದಳು. "ಒಂದು ಒಂದು ಎರಡು ಒತ್ತು. ನಮ್ಮಲ್ಲಿರೋ ಹಾಗೇ ಅಲ್ಲೂ ಪೊಲೀಸರಿಗೆ ಅದೇ ನಂಬರ್. ವೀಸಾ ಮುಗಿದರೂ ಹೆದರ್ಬೇಡ" ಎಂದೆ. ಅಷ್ಟರಲ್ಲಿ ಯಾವುದೋ ಬಾಗಿಲು ತೆರೆದ ಸದ್ದಾಗಿ ಲೈನ್ ಕಟ್ಟಾಯಿತು. ಟೀಚರ್ ಇನ್ನೊಂದು ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದಳು.

ಊರಿನ ಹೆಸರು, ನಾಲ್ಕು ಅಂಕಿ, ಎರಡನ್ನೂ ರಾಯಭಾರ ಕಚೇರಿಗೆ ಅದೇ ಗಳಿಗೆಯಲ್ಲಿ ಕಳಿಸಿದೆವು, ಫೋನಿನಲ್ಲೂ ಹೇಳಿದೆವು. ಮಾರನೆಯ ದಿನ ಸಂಜೆ ಅಲ್ಲಿನ ಪೊಲೀಸರು ಆ ಊರಿನಲ್ಲಿ ಹೋಟೆಲುಗಳ ಬಟ್ಟೆ ಒಗೆಯುವ ಕಡೆಗಳನ್ನೆಲ್ಲ ಹುಡುಕಿ ಆ ಮನೆಗೆ ಹೋದರು. ಅವಳು ಸಿಕ್ಕಳು. ಕಾಗದ ಪತ್ರ ಮುಗಿಸಿ ಊರಿಗೆ ಬರುವಷ್ಟರಲ್ಲಿ ಇನ್ನೂ ಒಂದು ತಿಂಗಳಾಯಿತು.

ಅವಳನ್ನು ನೋಡಲು ಮಾದಿಹಳ್ಳಿಗೆ ಹೋದೆ. ಸೊರಗಿದ್ದಳು. ಎರಡೂ ಕೈ ಸೋಪಿನ ಪುಡಿಗೆ ಸುಲಿದು ಹೋಗಿತ್ತು. ತಾಯಿ ನನ್ನ ಕೈ ಹಿಡಿದುಕೊಂಡು, "ನೀನಿಲ್ದಿದ್ರೆ ನನ್ನ ಮಗಳು ಸಿಗ್ತಿರ್ಲಿಲ್ಲ ಕಣವ್ವ" ಎಂದು ಅತ್ತರು. ನಾನು ತಪ್ಪು ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಅಂದು ಒರೆಸಿ ನೋಡಬೇಕಿತ್ತು, ಅನುಮಾನ ಬಂದಾಗ ಬೇಡ ಎನ್ನಬೇಕಿತ್ತು ಎಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಕಾಫಿ ತಂದಿಟ್ಟರು.

ಹುಡುಗಿ ಮಾತ್ರ ಕೇಳಿಸಿಕೊಂಡಿದ್ದಳು. ತಾಯಿ ಒಳಗೆ ಹೋದ ಮೇಲೆ, "ಆಂಟಿ, ನಿಮಗೊಂದು ಹೇಳ್ಬೇಕು" ಎಂದಳು. "ಆ ಮನೇಲಿ ಬಿಕ್ಕೋಡು ಕಡೆಯೋಳು ಒಬ್ಳಿದ್ಲು. ನಾನು ಫೋನ್ ಮಾಡೋಕೆ ನಾಲ್ಕು ದಿನ ಮುಂಚೆ ಅವಳನ್ನ ಬ್ಯಾರೆ ವ್ಯಾನಲ್ಲಿ ಕಳಿಸ್ಬಿಟ್ರು. ಅಲ್ಲಿನ ಪೊಲೀಸರಿಗೂ ಹೇಳ್ದೆ, ಎಲ್ಲಿಗೆ ಅಂತ ಅವರಿಗೂ ಗೊತ್ತಾಗ್ಲಿಲ್ಲ. ಅವಳ್ದು ವೀಸಾ ಬ್ಯಾರೆ ದೇಶದ್ದು ಅಂತ ಆ ಮನೆಯೋರು ಇಂಗ್ಲಿಷಲ್ಲಿ ಮಾತಾಡ್ಕೊಂತಿದ್ರು." ಕಾಫಿ ಲೋಟ ನನ್ನ ಕಡೆ ಸರಿಸಿದಳು. "ಅವಳೂ ನಿಮ್ಮ ಅಂಗಡಿಲೇ ತೋರಿಸಿದ್ಲಂತೆ. ಸ್ಟೇಷನ್ ಹತ್ರದ ಮೇಡಂ ಸರಿ ಐತೆ ಅಂದ್ರು, ಅದಕ್ಕೇ ಧೈರ್ಯ ಮಾಡ್ದೆ ಅಂತಿದ್ಲು."

ಕಾಫಿ ಹಾಗೇ ಬಿಟ್ಟು ಎದ್ದೆ.

ಮೂರನೆಯ ದಿನ, ಹುಡುಗಿ ಹೇಳಿದ ಗುರುತು ಹಿಡಿದು ಬಿಕ್ಕೋಡಿಗೆ ಹೋದೆ. ಬೇಲೂರಿನವರೆಗೆ ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ತೋಟದ ಜೀಪು. ತಂದೆ ಕಾಫಿ ತೋಟದಲ್ಲಿ ಕೂಲಿ. ತಾಯಿ ಇಲ್ಲ. ಮಗಳು ದುಬೈಗೋ ಜರ್ಮನಿಗೋ ಹೋಗಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಪೊಲೀಸರಿಗೆ ದೂರು ಕೊಡಿಸಿದೆ. ರಾಯಭಾರ ಕಚೇರಿಗೆ ಬರೆಯಲು ಎಲ್ಲಾ ಕೇಳಿದೆ. ಪಾಸ್‌ಪೋರ್ಟಿನ ಜೆರಾಕ್ಸ್ ಇಲ್ಲ. ವೀಸಾದ ಫೋಟೊ ಇಲ್ಲ. ಆ ಮನೆಯಲ್ಲಿ ಫೋಟೊ ತೆಗೆಯುವಂಥ ಫೋನೇ ಇರಲಿಲ್ಲ.

ನಾನು ಯಾರು ಎಂದು ಆ ತಂದೆಗೆ ಹೇಳಿದೆ. ಬೈಯಲಿ, ಮಣ್ಣು ತೂರಲಿ ಎಂದು ತಯಾರಾಗಿಯೇ ಹೇಳಿದೆ. ಅವರು ಬೈಯಲಿಲ್ಲ. ಮುಖದಲ್ಲಿ ಆಸೆ ಮೂಡಿತು. ಒಳಗಿನಿಂದ ಚಾಪೆ ತಂದು ಹಾಸಿದರು.

"ನೀವೇ ನೋಡಿದ್ರಲ್ಲ ತಾಯಿ, ಹಂಗಾದ್ರೆ ನಿಮಗೆ ಗೊತ್ತಿರ್ತದೆ. ಯಾವ ದೇಶದ್ದು ಅಂತ ವಸಿ ನೆನಪು ಮಾಡ್ಕೊಳ್ಳಿ" ಎಂದರು. ನೀರು ತಂದಿಟ್ಟು, ನನಗೆ ತೊಂದರೆಯಾಗಬಾರದು ಎಂಬಂತೆ, ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಕೂತರು.

ನಾನು ಕಣ್ಣು ಮುಚ್ಚಿಕೊಂಡೆ. ಅವರ ಮಗಳು ಹೊರಟ ತಿಂಗಳು ಅಂಗಡಿಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದೆ. ತೆರೆದು ನೋಡಿದ ಪುಟಗಳನ್ನು ನೆನೆದೆ. ಸ್ಟಿಕ್ಕರಿನ ಅಂಚು, ಫೋಟೊ ಇರುವ ಜಾಗ, ಕೆಳಗಿನ ಎರಡು ಸಾಲು, ಎಲ್ಲಾ ಕಣ್ಣಿಗೆ ಕಟ್ಟಿತು. ಆ ಹುಡುಗಿಯ ಮುಖ ಬರಲಿಲ್ಲ. ಅಕ್ಷರಗಳೂ ಬರಲಿಲ್ಲ. ಕಣ್ಣು ತೆರೆದಾಗ ಅವರು ಇನ್ನೂ ಹಾಗೇ ಕಾಯುತ್ತಾ ಕೂತಿದ್ದರು.